ಮುತ್ಯಾನ ಫೋಟೋ ಅಂಟಿಸಿದ ಹಾಗೆ ಕಾಣದಿರಲು ಏನು ಮಾಡಬೇಕು?

ಪ್ರಶ್ನೆ: ಬೀದರ್ ಕೋಟೆ ಮುಂದೆ ಸಂಜೆ ಬಿಸಿಲಲ್ಲಿ ತೆಗೆದ ಮನೆಮಂದಿ ಫೋಟೋಗೆ, ಮನೆಯೊಳಗೆ ಬಲ್ಬ್ ಬೆಳಕಲ್ಲಿ ತೆಗೆದ ಮುತ್ಯಾನ ಫೋಟೋ ಸೇರಿಸಿದೆ. ಅಂಟಿಸಿದ ಹಾಗೆ ಕಾಣುತ್ತಿದೆ. ಹೇಗೆ ಸರಿಮಾಡಲಿ?

ಉತ್ತರ: ಬಣ್ಣಕ್ಕೆ ಕೈ ಹಾಕುವ ಮೊದಲು ಮೂಗಿನ ನೆರಳು ನೋಡಿ. ಕೋಟೆ ಫೋಟೋದಲ್ಲಿ ಎಲ್ಲರ ಮೂಗಿನ ನೆರಳು ಬಲಕ್ಕೆ ಬಿದ್ದು, ಮುತ್ಯಾನದು ಎಡಕ್ಕಿದ್ದರೆ ಫೋಟೋಶಾಪ್‌ನಲ್ಲಿ Flip Horizontal ಮಾಡಿದರೆ ಸಾಕು. ಅಂಗಿ ಜೇಬು ಆ ಕಡೆ ಹೋಗುತ್ತದೆ, ಅದನ್ನು ಮಾತ್ರ ಗಮನಿಸಿ. ಆದರೆ ಬಲ್ಬ್ ತಲೆಯ ಮೇಲೆಯೇ ಇದ್ದು ಕಣ್ಣಿನ ಗುಳಿ ಕಪ್ಪಾಗಿದ್ದರೆ ಒದ್ದಾಡಬೇಡಿ, ಬೇರೆ ಫೋಟೋ ಹುಡುಕಿ. ಸಂಜೆ ಬಿಸಿಲು ಓರೆಯಾಗಿ ಬಂದು ಕಣ್ಣಿಗೇ ಬೀಳುತ್ತದೆ.

ಬಣ್ಣದಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ: ಎರಡೂ ಹಳದಿ ಅಲ್ವಾ, ಹೊಂದುತ್ತೆ ಅಂದುಕೊಳ್ಳುತ್ತಾರೆ. ಕೋಟೆ ಫೋಟೋದಲ್ಲಿ ಯಾರದಾದರೂ ಬಿಳಿ ಅಂಗಿಯನ್ನು ಜೂಮ್ ಮಾಡಿ ನೋಡಿ. ಬಿಸಿಲು ಬಿದ್ದ ಕಡೆ ಹಳದಿ, ನೆರಳಿನ ಕಡೆ ನಸುನೀಲಿ. ಆ ನೆರಳಿಗೆ ಆಕಾಶದ ಬೆಳಕು ಬೀಳುತ್ತದೆ, ಅದಕ್ಕೇ. ಹಳದಿ ಬಲ್ಬ್ ಬೆಳಕಿನ ಬಣ್ಣದ ಅಳತೆ ಸುಮಾರು 2700 ಕೆಲ್ವಿನ್, ಅಂದರೆ ಕಿತ್ತಳೆ ಕಡೆಗೆ ವಾಲಿದ್ದು. ಅದರಲ್ಲಿ ಮುತ್ಯಾನ ಧೋತರ ಮಡಿಕೆಯೊಳಗೂ ಕಿತ್ತಳೆಯೇ.

ಹಾಗಾಗಿ ಮೊದಲು ಧೋತರ ಸರಿಯಾದ ಬಿಳಿಯಾಗುವವರೆಗೆ ಆ ಕಿತ್ತಳೆ ತೆಗೆಯಿರಿ. ಆಮೇಲೆ ಮುತ್ಯಾನ ಲೇಯರ್‌ಗೆ ಮಾತ್ರ ತಗಲುವಂತೆ Curves ಹಾಕಿ, Blue ಚಾನೆಲ್ ತೆರೆಯಿರಿ. ಗೆರೆಯ ಮೇಲಿನ ತುದಿಯನ್ನು ಸ್ವಲ್ಪ ಇಳಿಸಿದರೆ ಬೆಳಕಿನ ಭಾಗ ಹಳದಿಯಾಗುತ್ತದೆ. ಕೆಳತುದಿಯನ್ನು ಚೂರು ಎತ್ತಿದರೆ ನೆರಳಿಗೆ ನೀಲಿ ಬರುತ್ತದೆ. ಜಾಸ್ತಿ ಎತ್ತಿದರೆ ಕಪ್ಪು ಕೂದಲೇ ನೀಲಿಯಾಗುತ್ತದೆ, ಅಲ್ಲಿಗೆ ನಿಲ್ಲಿಸಿ ಹಿಂದೆ ಬನ್ನಿ.

ಸರಿ ಬಂತಾ ಅಂತ ತಿಳಿಯಲು Channels ನಲ್ಲಿ Blue ಒಂದನ್ನೇ ನೋಡಿ. ಚಿತ್ರ ಕಪ್ಪು-ಬಿಳುಪಾಗಿ ಕಾಣುತ್ತದೆ. ಅದರಲ್ಲಿ ಮುತ್ಯಾನ ಧೋತರ ಪಕ್ಕದವರ ಬಿಳಿ ಅಂಗಿಗಿಂತ ಎದ್ದು ಕಂಡರೆ ಇನ್ನೂ ಕೆಲಸ ಬಾಕಿ ಇದೆ.