ಸ್ವಾಬ್‌ಗೆ ಹೆದರುವ ಹುಡುಗನಿಗೆ ಎಂಥ ಕಥೆ?

ಪ್ರಶ್ನೆ: ನನ್ನ ಮಗನಿಗೆ ಆರು ವರ್ಷ. ಹೋದ ಸಲ ಜ್ವರ, ಗಂಟಲು ನೋವು ಬಂದಾಗ ಕ್ಲಿನಿಕ್‌ನಲ್ಲಿ ಸ್ವಾಬ್ ತೆಗೆಯಲು ಹೋದರೆ ಬಾಯಿ ಬಿಗಿಹಿಡಿದು ರಂಪ ಮಾಡಿಬಿಟ್ಟ. ಮತ್ತೆ ಬೇಕಾಗಬಹುದು ಅಂದಿದ್ದಾರೆ. ಅವನಿಗೆ ಹೇಳಲು ಒಂದು ಕಥೆ ಬರೆದಿದ್ದೇನೆ. ರಾಜಕುಮಾರನ ಗಂಟಲಲ್ಲಿ ರಾಕ್ಷಸ ಕೂತಿರುತ್ತಾನೆ, ಡಾಕ್ಟರ್ ಮಾಯಾಕಡ್ಡಿಯಿಂದ ಅವನನ್ನು ಹೊರಗೆ ಎಳೆಯುತ್ತಾರೆ, ರಾಜಕುಮಾರನಿಗೆ ಒಂಚೂರೂ ನೋವಾಗುವುದಿಲ್ಲ, ಅವನು ಅಳುವುದೂ ಇಲ್ಲ. ಇದು ಸಾಕೇ, ಏನಾದರೂ ಬದಲಿಸಬೇಕೇ?
– ಒಬ್ಬ ತಾಯಿ, ಶಿವಮೊಗ್ಗ

ಉತ್ತರ: ರಾಕ್ಷಸನನ್ನು ಬಿಟ್ಟುಬಿಡಿ. ಆರು ವರ್ಷದ ಮಗು ಕಥೆಯನ್ನು ಅಕ್ಷರಶಃ ನಂಬುತ್ತದೆ. ಗಂಟಲಲ್ಲಿ ರಾಕ್ಷಸ ಇದ್ದಾನೆ ಎಂದರೆ ರಾತ್ರಿ ಮಲಗುವಾಗಲೂ ಇದ್ದಾನೆ ಎಂದಾಯಿತು. ಕಡ್ಡಿಯಿಂದ ಅವನನ್ನು ಹೊರಗೆಳೆದ ಮೇಲೂ ಗಂಟಲು ನೋಯುತ್ತಲೇ ಇರುತ್ತದೆ, ಔಷಧಿಯನ್ನೂ ಕುಡಿಯಬೇಕಾಗುತ್ತದೆ. ಆಗ ಕಥೆ ಸುಳ್ಳು ಅನ್ನಿಸುತ್ತದೆ. ಸ್ವಾಬ್ ಏನನ್ನೂ ಗುಣಪಡಿಸುವುದಿಲ್ಲ. ಗಂಟಲು ಕೆಂಪಾಗಿರುವುದು ವೈರಸ್‌ನಿಂದಲೋ ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾದಿಂದಲೋ ಎಂದು ತಿಳಿಯಲು ತೆಗೆದುಕೊಳ್ಳುವ ಮಾದರಿ ಅದು, ಅಷ್ಟೇ. ಎರಡೂ ಟಾರ್ಚ್ ಬೆಳಕಿನಲ್ಲಿ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ. ಮೊದಲನೆಯದಕ್ಕೆ ಆಂಟಿಬಯೋಟಿಕ್ ಉಪಯೋಗವಿಲ್ಲ, ಎರಡನೆಯದಕ್ಕೆ ಬೇಕು.

“ಒಂಚೂರೂ ನೋವಾಗಲ್ಲ” ಎಂಬ ಮಾತನ್ನೂ ತೆಗೆಯಿರಿ. ಕಡ್ಡಿ ಗಂಟಲ ಹಿಂಭಾಗಕ್ಕೆ ತಾಗಿದಾಗ ಸಾಮಾನ್ಯವಾಗಿ ಓಕರಿಕೆ ಬರುತ್ತದೆ. ಅದು ಹೆದರಿಕೆಯಲ್ಲ, ಹಟವಲ್ಲ, ಬೇಡದ್ದು ಒಳಗಿಳಿಯದಂತೆ ಗಂಟಲು ತನ್ನಷ್ಟಕ್ಕೆ ಮಾಡುವ ಕೆಲಸ. ಅದರ ಜೊತೆಗೆ ಕಣ್ಣಲ್ಲಿ ನೀರೂ ಬರುತ್ತದೆ. ನಿಮ್ಮ ರಾಜಕುಮಾರ ಅಳುವುದಿಲ್ಲ, ಆದರೆ ನಿಮ್ಮ ಮಗನ ಕಣ್ಣಲ್ಲಿ ನೀರು ಬಂದಿರುತ್ತದೆ. ಅಲ್ಲಿಗೆ ಅವನು ಸೋತ ಲೆಕ್ಕ.

ಇನ್ನೊಂದು ತೊಡಕು ನಮ್ಮ ಮಾತಿನಲ್ಲೇ ಇದೆ. “ರಕ್ತ ತೆಗೀತಾರೆ”, “ಹಲ್ಲು ತೆಗೀತಾರೆ” ಎಂದು ಕೇಳಿದ ಮಗು “ಸ್ವಾಬ್ ತೆಗೀತಾರೆ” ಎಂದಾಗ ಗಂಟಲಿನಿಂದ ಏನನ್ನೋ ಕೀಳುತ್ತಾರೆ ಎಂದೇ ತಿಳಿಯುತ್ತದೆ. ಕೊರೊನಾ ಕಾಲದಲ್ಲಿ ಪತ್ರಿಕೆಗಳು ಬಳಸಿದ “ಗಂಟಲು ದ್ರವ ಸಂಗ್ರಹ” ಇನ್ನೂ ಭಯಂಕರ. ಕಥೆಯಲ್ಲಿ “ಒರೆಸುವುದು” ಎನ್ನಿ, ನಿಜಕ್ಕೂ ನಡೆಯುವುದು ಅದೇ. “ಟೆಸ್ಟ್” ಎಂಬ ಪದವೂ ಬೇಡ. ಶಾಲೆಗೆ ಹೋಗುವ ಮಗುವಿಗೆ ಟೆಸ್ಟ್ ಎಂದರೆ ಪಾಸು, ಫೇಲು.

ಹೆದರುವ ಮಗುವಿನ ಮನಸ್ಸಿನಲ್ಲಿ ಮುಖ್ಯವಾಗಿ ಮೂರು ಪ್ರಶ್ನೆ ಇರುತ್ತವೆ. ಕಡ್ಡಿ ಎಲ್ಲಿಯವರೆಗೆ ಹೋಗುತ್ತದೆ, ಎಷ್ಟು ಹೊತ್ತು, ನಾನು ಬೇಡ ಎಂದರೆ ನಿಲ್ಲಿಸುತ್ತಾರಾ. ಕಥೆ ಈ ಮೂರಕ್ಕೂ ನಿಜವಾದ ಉತ್ತರ ಕೊಟ್ಟರೆ ಸಾಕು, ಮಾಯಾಜಾಲ ಬೇಕಿಲ್ಲ. ನಿಮ್ಮ ಮಗನ ಹೆಸರು ಇಡಬೇಡಿ. ಬೇರೆ ಹುಡುಗನ ಕಥೆಯಾದರೆ ಅವನು ದೂರ ನಿಂತು ನೋಡಬಹುದು. ಹೀಗೆ ಬರೆಯಬಹುದು:

ಗುಂಡನಿಗೆ ಗಂಟಲು ನೋವು. ಅನ್ನ ಸಾರು ನುಂಗಿದರೂ ನೋವು, ಬರೀ ಉಗುಳು ನುಂಗಿದರೂ ನೋವು. ಅಮ್ಮ ಅವನನ್ನು ಕ್ಲಿನಿಕ್‌ಗೆ ಕರೆದುಕೊಂಡು ಹೋದಳು.

ಡಾಕ್ಟರ್ ಟಾರ್ಚ್ ಹಾಕಿ ನೋಡಿದರು. “ಕೆಂಪಗಿದೆ. ಯಾಕೆ ಅಂತ ಬರೀ ಕಣ್ಣಿಗೆ ಗೊತ್ತಾಗಲ್ಲ. ಸಿಸ್ಟರ್ ಒಂದು ಕಡ್ಡಿಯಿಂದ ಒರೆಸಿ ಕೊಡ್ತಾರೆ. ಆಮೇಲೆ ಯಾವ ಔಷಧಿ ಅಂತ ಹೇಳ್ತೀನಿ.”

ಕಡ್ಡಿ! ಗುಂಡ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ.

“ಎಷ್ಟು ಉದ್ದ ಇದೆ?” ಬೆರಳ ಸಂದಿಯಿಂದ ಕೇಳಿದ.

ಸಿಸ್ಟರ್ ಅಂಥದೇ ಇನ್ನೊಂದು ಕಡ್ಡಿಯನ್ನು ಅವನ ಕೈಗೆ ಕೊಟ್ಟರು. ಕಿವಿಗೆ ಹಾಕುವ ಬಡ್ಸ್ ಥರಾನೇ ಇತ್ತು, ಆದರೆ ಉದ್ದ. ಗುಂಡ ತುದಿಯ ಹತ್ತಿಯನ್ನು ಕೆನ್ನೆಗೆ ಸವರಿಕೊಂಡ. ಮೆತ್ತಗಿತ್ತು.

“ಇಷ್ಟೂ ಒಳಗೆ ಹೋಗುತ್ತಾ?”

“ಇಲ್ಲ. ಈ ಕಡೆ ತುದಿ ನನ್ನ ಕೈಯಲ್ಲೇ ಇರುತ್ತೆ. ನಿನ್ನ ಗಂಟಲಲ್ಲಿ ಎಡಕ್ಕೊಂದು ಬಲಕ್ಕೊಂದು ಪುಟ್ಟ ಗುಡ್ಡ ಇದೆ. ಹಿಂದೆ ಒಂದು ಗೋಡೆ ಇದೆ. ಈ ಗುಡ್ಡ, ಗೋಡೆ, ಆ ಗುಡ್ಡ, ಅಷ್ಟೇ ಒರೆಸೋದು.”

“ನೋವಾಗುತ್ತಾ?”

“ಚುಚ್ಚಲ್ಲ. ಗಂಟಲು ಕೆಂಪಾಗಿದೆಯಲ್ಲ, ಸ್ವಲ್ಪ ಉರಿಯಬಹುದು. ವ್ಯಾಕ್ ಅಂತ ಆಗುತ್ತೆ. ಕಣ್ಣಲ್ಲಿ ನೀರು ಬರುತ್ತೆ, ಎಲ್ಲರಿಗೂ ಬರುತ್ತೆ. ಅಮ್ಮ ಐದು ಎಣಿಸೋದರೊಳಗೆ ಮುಗಿಸ್ತೀನಿ.”

“ನಂಗೆ ಬೇಡ ಅನ್ನಿಸಿದರೆ?”

“ಅಮ್ಮನ ಕೈ ಮೇಲೆ ಎರಡು ಸಲ ತಟ್ಟು. ನಿಲ್ಲಿಸ್ತೀನಿ.”

ಗುಂಡ ಅಮ್ಮನ ತೊಡೆ ಮೇಲೆ ಕೂತ. ಬೆನ್ನು ಅಮ್ಮನ ಎದೆಗೆ ಒರಗಿತು. ಅಮ್ಮನ ಒಂದು ಕೈ ಅವನನ್ನು ಬಳಸಿ ಹಿಡಿಯಿತು, ಇನ್ನೊಂದು ಕೈ ಹಣೆ ಮೇಲೆ.

“ಆ...” ಎಂದ ಗುಂಡ. ಐಸ್‌ಕ್ಯಾಂಡಿ ಕಡ್ಡಿಯಂಥ ಚಪ್ಪಟೆ ಕಡ್ಡಿ ನಾಲಿಗೆ ಮೇಲೆ ಬಂತು. ಟಪ್ ಟಪ್! ಗುಂಡ ತಟ್ಟಿದ. ಸಿಸ್ಟರ್ ತಕ್ಷಣ ಕಡ್ಡಿ ತೆಗೆದರು.

“ಏನಾಯ್ತು?”

“ನಿಜವಾಗಲೂ ನಿಲ್ಲಿಸ್ತೀರಾ ಅಂತ ನೋಡಿದೆ.”

ಮತ್ತೆ “ಆ...” ಅಮ್ಮ ಎಣಿಸತೊಡಗಿದಳು. ಒಂದು, ಚಪ್ಪಟೆ ಕಡ್ಡಿ. ಎರಡು, ಈ ಗುಡ್ಡ. ಮೂರು, ಗೋಡೆ. ವ್ಯಾಕ್! ನಾಲ್ಕು, ಆ ಗುಡ್ಡ. ಐದು ಅನ್ನುವಷ್ಟರಲ್ಲಿ ಕಡ್ಡಿ ಟ್ಯೂಬಿನೊಳಗಿತ್ತು.

ಗುಂಡನ ಕಣ್ಣು ತುಂಬಿತ್ತು. “ಕೆಟ್ಟದಾಗಿತ್ತು” ಎಂದ. ಆಮೇಲೆ ಟ್ಯೂಬ್ ನೋಡಿದ. “ಅದರ ಮೇಲೆ ನನ್ನ ಹೆಸರು ಬರೀತೀರಾ?”

ಸಿಸ್ಟರ್ ಬರೆದರು. ಗು-ಗೆ ಕೊಂಬು ಮರೆತಿದ್ದರು. ಗುಂಡನೇ ಹೇಳಿ ಹಾಕಿಸಿದ.

ಇಲ್ಲಿರುವ ಪ್ರತಿ ಹಂತವೂ ನಿಜವಾಗಿ ನಡೆಯುವ ಕ್ರಮದಲ್ಲೇ ಇದೆ, ಅದನ್ನು ಅದಲುಬದಲು ಮಾಡಬೇಡಿ. ಎರಡು ಟಾನ್ಸಿಲ್ ಮತ್ತು ಹಿಂದಿನ ಗೋಡೆ, ಈ ಮೂರು ಜಾಗ ಒರೆಸಿದರೇ ಮಾದರಿ ಸರಿ. ನಾಲಿಗೆ, ಕೆನ್ನೆಯ ಒಳಭಾಗ, ಕಿರುನಾಲಿಗೆ ತಾಗಬಾರದು. ಮಗು ಒದ್ದಾಡಿದಾಗ ಎಡವಟ್ಟಾಗುವುದು ಇಲ್ಲೇ. ಕಡ್ಡಿ ನಾಲಿಗೆಯನ್ನಷ್ಟೇ ಸವರಿ ಹೊರಬಂದಿರುತ್ತದೆ, ಸೋಂಕಿದ್ದರೂ ವರದಿಯಲ್ಲಿ ಇಲ್ಲ ಎಂದು ಬರಬಹುದು. ಆದ್ದರಿಂದ ನಾಲ್ಕು ಜನ ಸೇರಿ ಅದುಮಿ ಹಿಡಿದು ಪಡೆದ ಸ್ವಾಬ್ ಹಲವು ಸಲ ಕೆಲಸಕ್ಕೂ ಬರುವುದಿಲ್ಲ, ಮುಂದಿನ ಸಲಕ್ಕೆ ಭಯವನ್ನೂ ದುಪ್ಪಟ್ಟು ಮಾಡುತ್ತದೆ.

“ಆ” ಎಂಬುದು ಬರೀ ಅಲಂಕಾರವಲ್ಲ. ಕನ್ನಡ ಸ್ವರಗಳಲ್ಲಿ “ಆ” ಅನ್ನುವಾಗ ನಾಲಿಗೆ ತಗ್ಗುತ್ತದೆ, ಮೆದು ಅಂಗುಳ ಮೇಲೇಳುತ್ತದೆ, ಗಂಟಲು ತೆರೆದುಕೊಳ್ಳುತ್ತದೆ. “ಈ” ಎಂದು ಕಿರುಚಿದರೆ ನಾಲಿಗೆ ಮೇಲೆದ್ದು ದಾರಿ ಮುಚ್ಚುತ್ತದೆ. ಕನ್ನಡಿ ಮುಂದೆ ಟಾರ್ಚ್ ಹಿಡಿದು ಇದನ್ನು ಆಟವಾಗಿ ಮಾಡಿ. ಮೊದಲು ನೀವು ಬಾಯಿ ತೆರೆಯಿರಿ, ಗುಡ್ಡ, ಗೋಡೆ, ಕಿರುನಾಲಿಗೆ ಅವನೇ ಹುಡುಕಲಿ, ಆಮೇಲೆ ಅವನ ಸರದಿ. ಚಮಚವನ್ನೋ ಬಡ್ಸನ್ನೋ ಗಂಟಲಿಗೆ ಹಾಕಿ ಅಭ್ಯಾಸ ಮಾಡಿಸಲು ಮಾತ್ರ ಹೋಗಬೇಡಿ. ನಾಲಿಗೆಯ ಹಿಂಭಾಗ ಮುಟ್ಟಿದರೆ ಅಲ್ಲೇ ಓಕರಿಕೆ ಬಂದು ಕಥೆಯೂ ಹಾಳು.

ಕಥೆಯನ್ನು ವಾರದ ಮುಂಚೆಯೇ ಹೇಳಿದರೆ ಈ ವಯಸ್ಸಿನ ಮಗು ವಾರವಿಡೀ ಅದನ್ನೇ ನೆನೆದು ಕೊರಗುತ್ತದೆ. ಹಿಂದಿನ ಸಂಜೆ ಒಮ್ಮೆ, ಹೊರಡುವ ಮೊದಲು ಒಮ್ಮೆ ಹೇಳಿದರೆ ಸಾಕು. ಎರಡನೆಯ ಸಲ ಎಣಿಕೆಯನ್ನು ಅವನೇ ಹೇಳಲಿ. ತಟ್ಟುವ ಸಂಕೇತವಿದೆಯಲ್ಲ, ಅದನ್ನು ಕ್ಲಿನಿಕ್‌ನವರಿಗೆ ಮೊದಲೇ ತಿಳಿಸಿ, ಆಟಕ್ಕೊಂದು ಕಡ್ಡಿ ಕೊಡುತ್ತಾರೆಯೇ ಎಂದೂ ಕೇಳಿ. ಕಥೆಯಲ್ಲಿ ನಿಲ್ಲಿಸಿದವರು ಅಲ್ಲಿ ನಿಲ್ಲಿಸದಿದ್ದರೆ ಮುಂದೆ ನಿಮ್ಮ ಯಾವ ಕಥೆಯನ್ನೂ ಅವನು ನಂಬುವುದಿಲ್ಲ. ಅವರು ಒಪ್ಪದಿದ್ದರೆ ಆ ಭಾಗವನ್ನೇ ಕಥೆಯಿಂದ ತೆಗೆದುಬಿಡಿ. ಅಂದಹಾಗೆ, “ಊಟ ಮಾಡದಿದ್ದರೆ ಡಾಕ್ಟರ್ ಹತ್ರ ಸೂಜಿ ಚುಚ್ಚಿಸ್ತೀನಿ” ಎನ್ನುವ ಅಜ್ಜ ಅಜ್ಜಿ ಮನೆಯಲ್ಲಿದ್ದರೆ ಅವರಿಗೂ ಒಂದು ಮಾತು ಹೇಳಬೇಕಾಗುತ್ತದೆ.

ಹೊಟ್ಟೆ ತುಂಬ ತಿನ್ನಿಸಿ ಕೂಡಲೇ ಹೊರಡಬೇಡಿ, ಓಕರಿಕೆ ವಾಂತಿಯಾದೀತು. ಆ ದಿನ ಆಂಟಿಸೆಪ್ಟಿಕ್ ಮೌತ್‌ವಾಶ್‌ನಿಂದ ಬಾಯಿ ಮುಕ್ಕಳಿಸುವುದು ಬೇಡ. ಹಳೆಯ ಬಾಟಲಿಯಲ್ಲಿ ಉಳಿದ ಆಂಟಿಬಯೋಟಿಕ್ ಸಿರಪ್ ಕೊಟ್ಟಿದ್ದರೆ ಮುಚ್ಚಿಡದೆ ಹೇಳಿ, ಒಂದೆರಡು ಡೋಸ್ ಹೋದರೂ, ಮಾದರಿಯನ್ನು ಲ್ಯಾಬ್‌ನಲ್ಲಿ ಬೆಳೆಸಿ ನೋಡುವ ಕಲ್ಚರ್‌ನಲ್ಲಿ ಬ್ಯಾಕ್ಟೀರಿಯಾ ಬೆಳೆಯದೇ ಇರಬಹುದು. ಮೂಗು ಸೋರುತ್ತ, ಕೆಮ್ಮುತ್ತ ಇದ್ದರೆ ಬಹುಪಾಲು ಅದು ವೈರಸ್ಸೇ. ಆಗ ಸ್ವಾಬ್ ಬೇಕೇ ಎಂದು ಡಾಕ್ಟರನ್ನು ಕೇಳುವುದರಲ್ಲಿ ತಪ್ಪಿಲ್ಲ.

ಬೇಕು ಎಂದರೆ ಮಾತ್ರ ತಪ್ಪಿಸಬೇಡಿ. ಸ್ಟ್ರೆಪ್ ಸೋಂಕಿಗೆ ಚಿಕಿತ್ಸೆಯಾಗದಿದ್ದರೆ ಕೆಲವು ಮಕ್ಕಳಿಗೆ ಎರಡು ಮೂರು ವಾರದ ನಂತರ ರುಮ್ಯಾಟಿಕ್ ಜ್ವರ ಬಂದು ಹೃದಯದ ಕವಾಟ ಹಾಳಾಗಬಹುದು. ಗಂಟಲು ನೋವು ಶುರುವಾದ 9 ದಿನದೊಳಗೆ ಆಂಟಿಬಯೋಟಿಕ್ ಆರಂಭಿಸಿದರೆ ಅದನ್ನು ತಡೆಯಬಹುದು. ಹಾಗಾಗಿ ಅವನು ಆ ದಿನ ಬಾಯಿ ಬಿಡದೇ ಇದ್ದರೂ ಮರುದಿನ ಮತ್ತೆ ಪ್ರಯತ್ನಿಸುವಷ್ಟು ಸಮಯ ಸಾಮಾನ್ಯವಾಗಿ ಇರುತ್ತದೆ. ಈ ಮಾತು ನಿಮಗೆ, ಕಥೆಗಲ್ಲ.

ಕೊನೆಯ ಪುಟವನ್ನು ಖಾಲಿ ಬಿಡಿ. ಕಲ್ಚರ್ ವರದಿಗೆ ಒಂದೆರಡು ದಿನ ಬೇಕು, ಫೋನ್ ಬಂದ ಮೇಲೆ ಅವನನ್ನು ಕೂರಿಸಿಕೊಂಡು ಬರೆಯಿರಿ. ಸೋಂಕಿಲ್ಲ ಎಂದಾದರೆ ಗುಂಡ ಬಿಸಿನೀರು ಕುಡಿದು, ರಾಗಿ ಗಂಜಿ ಉಂಡು, ನಾಲ್ಕಾರು ದಿನದಲ್ಲಿ ಆಟಕ್ಕೆ ಹೋದ ಎಂದು ಬರೆಯಿರಿ. ಇದೆ ಎಂದಾದರೆ ಕ್ಯಾಲೆಂಡರ್ ಚಿತ್ರ ಬರೆದು ಸಿರಪ್ ಕುಡಿದ ದಿನಗಳಿಗೆ ಗುರುತು ಹಾಕಿಸಿ. ಸಾಮಾನ್ಯವಾಗಿ ಕೊಡುವ ಅಮಾಕ್ಸಿಸಿಲಿನ್ ಆದರೆ 10 ದಿನ. ಎರಡು ಮೂರು ದಿನಕ್ಕೇ ಜ್ವರ ಬಿಟ್ಟು ಗುಂಡ ಹುಷಾರಾಗಿಬಿಡುತ್ತಾನೆ, ಬಾಟಲಿ ಫ್ರಿಜ್ಜಿನ ಮೂಲೆ ಸೇರುವುದು ಆಗಲೇ. ಹತ್ತನೆಯ ಚೌಕಕ್ಕೆ ಗುರುತು ಬಿದ್ದ ಮೇಲಷ್ಟೇ ಆ ಪುಟಕ್ಕೆ “ಮುಗಿಯಿತು” ಎಂದು ಬರೆಯಲಿ.