ಡಯಾಲಿಸಿಸ್ ಮನೆಯಲ್ಲಿ ನೀರಿನ ಜಗಳ

ಪ್ರಶ್ನೆ: ನನ್ನ ಗಂಡನಿಗೆ ಡಯಾಲಿಸಿಸ್ ಶುರುವಾಗಿ ಒಂದೂವರೆ ವರ್ಷ. ದಿನಾ ನೀರಿಗೋಸ್ಕರ ಜಗಳ, ಬೇರೆ ಮಾತೇ ಇಲ್ಲ. ನನಗೂ ಈಗ ಬಿಪಿ ಬಂದಿದೆ. ಅವರನ್ನೂ ನೋಡಿಕೊಂಡು ನಾನೂ ಉಳಿಯೋದು, ಸಂಸಾರ ಉಳಿಸಿಕೊಳ್ಳೋದು ಹೇಗೆ?

ನಾನು ದಾವಣಗೆರೆಯವಳು. ನಮ್ಮನೆಯವರಿಗೆ ಡಯಾಲಿಸಿಸ್ ಶುರುವಾಗಿ ಆರು ವರ್ಷ ಆಯಿತು. ಮಂಗಳವಾರ, ಗುರುವಾರ, ಶನಿವಾರ, ಒಂದೊಂದು ಸಲಕ್ಕೂ ನಾಲ್ಕು ಗಂಟೆ. ಮೊದಲ ಎರಡು ವರ್ಷ ನಮ್ಮಲ್ಲೂ ಬರೀ ನೀರಿನ ಜಗಳವೇ. ಅದಕ್ಕೇ ಅದೊಂದರ ಬಗ್ಗೆ ಹೇಳುತ್ತೇನೆ, ನಮ್ಮಲ್ಲಿ ಉಳಿದದ್ದೆಲ್ಲ ಕೆಟ್ಟಿದ್ದು ಅದರಿಂದಲೇ.

ನಾನು ಲೋಟ ಎಣಿಸುತ್ತಿದ್ದೆ. ಬಾಟಲಿಗಳನ್ನು ಅಟ್ಟದ ಮೇಲೆ ಇಟ್ಟಿದ್ದೆ. ಒಂದು ಭಾನುವಾರ ರಾತ್ರಿ ಎರಡು ಗಂಟೆಗೆ ಬಚ್ಚಲಲ್ಲಿ ನಲ್ಲಿ ಸದ್ದಾಯಿತು. ಹೋಗಿ ನೋಡಿದರೆ ಚೊಂಬು ಹಿಡಿದುಕೊಂಡು ಕಳ್ಳನ ಹಾಗೆ ನಿಂತಿದ್ದರು. "ಸಾಯಬೇಕು ಅಂತಿದ್ದೀರಾ?" ಅಂತ ಕೂಗಾಡಿದೆ. ಮಂಗಳವಾರ ತೂಕ ನೋಡಿದರೆ 61.4 ಕೆಜಿ. ಅವರ ಡ್ರೈ ವೇಟ್, ಅಂದರೆ ಜಾಸ್ತಿ ನೀರೆಲ್ಲ ತೆಗೆದ ಮೇಲೆ ಇರಬೇಕಾದ ತೂಕ, 58. ಒಂದು ಲೀಟರ್ ನೀರು ಅಂದರೆ ಒಂದು ಕೆಜಿ ಅಲ್ವಾ, ಹಾಗಾದರೆ 3.4 ಲೀಟರ್ ಮೈಯಲ್ಲಿ ನಿಂತಿದೆ. ಅಷ್ಟನ್ನೂ ನಾಲ್ಕು ಗಂಟೆಯಲ್ಲಿ ತೆಗೆಯಬೇಕು ಅಂದರೆ ಗಂಟೆಗೆ 850 ಎಂಎಲ್. ಮೂರನೇ ಗಂಟೆಗೆ ಬಿಪಿ ಬಿದ್ದುಹೋಯಿತು, ಮೀನಖಂಡ ಹಿಡಿದುಕೊಂಡಿತು, ವಾಂತಿ ಆಯಿತು. ಮಾರನೇ ದಿನವೆಲ್ಲ ಮಲಗೇ ಇದ್ದರು. ನಾನು ಎರಡು ದಿನ ಮಾತು ಬಿಟ್ಟೆ.

ಆಮೇಲೆ ಅಲ್ಲಿದ್ದ ಡಯಾಲಿಸಿಸ್ ಸಿಸ್ಟರ್ ಒಂದು ಮಾತು ಕೇಳಿದರು. "ಅಕ್ಕಾ, ನೀರು ಬಿಡಿ, ಮನೇಲಿ ಉಪ್ಪೆಷ್ಟು ಹಾಕ್ತೀರಾ ಹೇಳಿ." ನಾನು ಯೋಚನೆ ಮಾಡಿರಲೇ ಇಲ್ಲ. ಸಲೈನ್ ಬಾಟಲಿಯಲ್ಲಿ ಒಂದು ಲೀಟರ್ ನೀರಿಗೆ 9 ಗ್ರಾಂ ಉಪ್ಪು ಇರುತ್ತದೆ, ನಮ್ಮ ಮೈಯಲ್ಲೂ ಹತ್ತಿರ ಹತ್ತಿರ ಅದೇ ಲೆಕ್ಕ. ಕಿಡ್ನಿ ಕೆಲಸ ಮಾಡದವರು 9 ಗ್ರಾಂ ಉಪ್ಪು ತಿಂದರೆ, ಅದಕ್ಕೆ ಸರಿಯಾಗಿ ಒಂದು ಲೀಟರ್ ನೀರು ಕುಡಿಯೋ ತನಕ ದೇಹ ಬಾಯಾರಿಕೆ ಹುಟ್ಟಿಸುತ್ತಲೇ ಇರುತ್ತದೆ. ಅದನ್ನು ಮನಸ್ಸು ಗಟ್ಟಿ ಮಾಡಿ ತಡೆಯೋಕೆ ಆಗಲ್ಲ. ನಾನು ಉಪ್ಪು ಹಾಕಿ ಬಡಿಸಿ, ನೀರು ಯಾಕೆ ಕುಡಿದಿರಿ ಅಂತ ಬೈಯುತ್ತಿದ್ದೆ. ಇವತ್ತಿಗೂ ಅದು ನೆನಪಾದರೆ ಸಂಕಟ ಆಗುತ್ತದೆ.

ನಮ್ಮ ಊಟ ನಿಮಗೂ ಗೊತ್ತಲ್ಲ, ರೊಟ್ಟಿ ಜೊತೆ ಶೇಂಗಾ ಚಟ್ನಿ, ಉಪ್ಪಿನಕಾಯಿ, ಹಪ್ಪಳ, ಸಂಜೆ ಖಾರ ಮಂಡಕ್ಕಿ ಮೆಣಸಿನಕಾಯಿ. ಮಂಡಕ್ಕಿ ಹುರಿಯುವಾಗಲೇ ಉಪ್ಪು ಸೇರಿರುತ್ತದೆ. ಇವನ್ನು ನಿಲ್ಲಿಸಿದೆ. ಸಾರು, ಪಲ್ಯ ಉಪ್ಪಿಲ್ಲದೆ ಮಾಡಿ, ಅವರ ದಿನದ ಉಪ್ಪು ಒಂದು ಸಣ್ಣ ಚಮಚದೊಳಗೆ ಇರುವ ಹಾಗೆ ಬಟ್ಟಲಲ್ಲಿ ಬೇರೆ ತೆಗೆದಿಟ್ಟೆ, ಉಳಿದವರು ತಟ್ಟೆಗೆ ಹಾಕಿಕೊಳ್ಳಲಿ ಅಂತ. ಹುಳಿ, ಜೀರಿಗೆ, ಬೆಳ್ಳುಳ್ಳಿ ಸ್ವಲ್ಪ ಮುಂದೆ ಮಾಡಿದರೆ ಎರಡು ವಾರದಲ್ಲಿ ನಾಲಿಗೆ ಒಗ್ಗುತ್ತದೆ. ಆದರೆ ಅಂಗಡಿಯಲ್ಲಿ ಲೋ ಸೋಡಿಯಂ ಉಪ್ಪು ಅಂತ ಸಿಗುತ್ತದಲ್ಲ, ಅದನ್ನು ಮಾತ್ರ ತರಬೇಡಿ. ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ, ಡಯಾಲಿಸಿಸ್ ಇರುವವರಿಗೆ ಅದು ಏರಿದರೆ ಹೃದಯವೇ ನಿಲ್ಲಬಹುದು. ಅವರಿಗೆ ಸಕ್ಕರೆ ಕಾಯಿಲೆ ಇದ್ದರೆ ಅದನ್ನೂ ನೋಡಿಸಿ, ಸಕ್ಕರೆ ಏರಿದರೂ ಬಾಯಿ ಒಣಗುತ್ತದೆ.

ಇನ್ನು ನೀರಿನ ಲೆಕ್ಕ. ಅದನ್ನು ನಾನು ಅವರ ಕೈಗೇ ಕೊಟ್ಟುಬಿಟ್ಟೆ. ಅವರಿಗೆ ದಿನಕ್ಕೆ ಸುಮಾರು 300 ಎಂಎಲ್ ಮೂತ್ರ ಹೋಗುತ್ತಿತ್ತು, ಅದರ ಮೇಲೆ 500 ಸೇರಿಸಿ 800 ಅಂತ ಡಾಕ್ಟರ್ ಹೇಳಿದ್ದರು. ನಿಮ್ಮವರದು ಎಷ್ಟು ಅಂತ ನಿಮ್ಮ ಡಾಕ್ಟರನ್ನೇ ಕೇಳಿ. ಬೆಳಿಗ್ಗೆ ಅವರೇ ಬಾಟಲಿಗೆ 800 ತುಂಬಿಸಿಕೊಳ್ಳುತ್ತಾರೆ. ಟೀ ಕುಡಿದರೆ, ಮಜ್ಜಿಗೆ ಕುಡಿದರೆ, ಅನ್ನಕ್ಕೆ ಸಾರು ಹಾಕಿಸಿಕೊಂಡರೆ, ಅಷ್ಟು ನೀರನ್ನು ಬಾಟಲಿಯಿಂದ ತೆಗೆದು ಗಿಡಕ್ಕೆ ಹಾಕುತ್ತಾರೆ. ಉಳಿದದ್ದು ಅವರದು, ಯಾವಾಗ ಬೇಕಾದರೂ ಕುಡಿಯಬಹುದು. ನಾನು ಕೇಳೋದಿಲ್ಲ, ನೋಡೋದೂ ಇಲ್ಲ. ದಿನಾ ಬೆಳಿಗ್ಗೆ ತೂಕ ನೋಡಿಕೊಂಡು ಕ್ಯಾಲೆಂಡರ್ ಮೇಲೆ ಅವರೇ ಬರೆಯುತ್ತಾರೆ. ಮೊದಲ ವಾರ ಸುಮ್ನೆ ಇರೋದು ನನಗೆ ತುಂಬಾ ಕಷ್ಟ ಆಯಿತು, ನಾಲಿಗೆ ತುದಿವರೆಗೂ ಮಾತು ಬರುತ್ತಿತ್ತು. ಒಂದು ತಿಂಗಳಲ್ಲಿ ಮಂಗಳವಾರದ ತೂಕ 60ಕ್ಕೆ ಬಂತು. ಗಂಟೆಗೆ 500 ತೆಗೆದರೆ ಸಾಕು, ಕಾಲು ಹಿಡಿಯೋದು ನಿಂತಿತು, ಸಂಜೆಗೆ ಎದ್ದು ಕೂತು ಮಾತಾಡುವಷ್ಟು ಶಕ್ತಿ ಉಳಿಯಿತು.

ನಾನು ಇಟ್ಟುಕೊಂಡ ಷರತ್ತು ಒಂದೇ. ಅಂಗಾತ ಮಲಗಿದರೆ ಉಸಿರು ಸಿಕ್ಕಿಹಾಕಿಕೊಂಡರೆ, ಅಥವಾ ಇದ್ದಕ್ಕಿದ್ದ ಹಾಗೆ ಕೈಕಾಲು ಸೋತು ಎದೆ ಬಡಿತ ಏರುಪೇರಾದರೆ, ಎಷ್ಟೊತ್ತಾದರೂ ಸರಿ ಆಸ್ಪತ್ರೆಗೆ ಹೋಗುವುದು, ಅಲ್ಲಿ ವಾದ ಇಲ್ಲ. ಶನಿವಾರದಿಂದ ಮಂಗಳವಾರದ ತನಕ ನಡುವೆ ಎರಡು ದಿನ ಬಿಡುವು ಬರುತ್ತದಲ್ಲ, ಹೆಚ್ಚು ಅಪಾಯ ಇರೋದು ಆಗಲೇ.

ಈಗ ನಿಮ್ಮ ವಿಷಯ. ಅವರ ಎದುರು ಹೇಗೆ ಕುಡಿಯೋದು ಅಂತ ನಾನೂ ನೀರು ಬಿಟ್ಟಿದ್ದೆ. ದಾವಣಗೆರೆ ಏಪ್ರಿಲ್ ಬಿಸಿಲಲ್ಲಿ ದಿನಕ್ಕೆ ಎರಡು ಮೂರು ಲೋಟ, ಅದೂ ಹಿತ್ತಲಲ್ಲಿ ಕದ್ದು. ಎರಡನೇ ಬೇಸಿಗೆಯಲ್ಲಿ ಪಕ್ಕೆ ನೋವು ಬಂದು ನೆಲದ ಮೇಲೆ ಹೊರಳಾಡಿದೆ. ಸ್ಕ್ಯಾನಿಂಗ್‌ನಲ್ಲಿ 6 ಎಂಎಂ ಕಲ್ಲು. ಆವತ್ತು ಅವರು ಹೇಳಿದರು, "ನೀನು ಎದುರಿಗೆ ಕುಡಿದರೆ ನನಗೇನೂ ಆಗಲ್ಲ ಕಣೇ, ಹಿತ್ತಲಿಗೆ ಹೋಗ್ತೀಯಲ್ಲ, ಅದೇ ಬೇಜಾರು." ನೀವು ಹಾಗೇನಾದರೂ ಮಾಡುತ್ತಿದ್ದರೆ ಇವತ್ತೇ ಬಿಡಿ. ಅವರ ಪಥ್ಯ ಅವರಿಗೆ. ಬಾಳೆಹಣ್ಣು, ಎಳನೀರು ಅವರಿಗೆ ಬೇಡ ಅಂದರೆ ನಿಮಗೂ ಬೇಡ ಅಂತ ಅಲ್ಲ. ಉಪ್ಪೊಂದನ್ನು ಮಾತ್ರ ನೀವೂ ಕಡಿಮೆ ಮಾಡಿ, ನಿಮ್ಮ ಬಿಪಿಗೂ ಒಳ್ಳೆಯದು. ಬಿಪಿ ಮಾತ್ರೆಯನ್ನು ಅವರ ಮಾತ್ರೆ ಡಬ್ಬಿ ಪಕ್ಕದಲ್ಲೇ ಇಡಿ, ಇಲ್ಲದಿದ್ದರೆ ಮರೆಯೋದು ನಿಮ್ಮದೇ.

ಮೂರು ದಿನವೂ ನೀವೇ ಹೋಗಿ ಕೂರಬೇಡಿ. ನಮ್ಮಲ್ಲಿ ಶನಿವಾರ ಮೈದುನ ಹೋಗುತ್ತಾನೆ. "ಸಹಾಯ ಮಾಡು" ಅಂದಾಗ ಯಾರೂ ಬರಲಿಲ್ಲ, "ಪ್ರತಿ ಶನಿವಾರ ಏಳರಿಂದ ಹನ್ನೆರಡು ನಿನ್ನದು" ಅಂದಾಗ ಬಂದ. ಆ ಹೊತ್ತಲ್ಲಿ ನಾನು ಕುಂದುವಾಡ ಕೆರೆ ಹತ್ತಿರ ಒಂದು ಸುತ್ತು ಹಾಕಿ ಬಂದು ನಿದ್ದೆ ಮಾಡುತ್ತೇನೆ.

ಇನ್ನೊಂದು, ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಗಂಡ ಹೆಂಡತಿ ಸಂಬಂಧ ಕೂಡ ನಿಂತುಹೋಗಿರಬಹುದು. ನನ್ನ ಮೇಲೆ ಮನಸ್ಸಿಲ್ಲ ಅಂತ ನಾನು ಎಷ್ಟೋ ರಾತ್ರಿ ಅತ್ತಿದ್ದೆ. ರಕ್ತ ಕಡಿಮೆ ಆಗೋದು, ಹಾರ್ಮೋನ್ ಏರುಪೇರು, ಕೆಲವು ಬಿಪಿ ಮಾತ್ರೆ, ಇವುಗಳಿಂದ ಡಯಾಲಿಸಿಸ್‌ನಲ್ಲಿರುವ ಗಂಡಸರಿಗೆ ಇದು ತುಂಬಾ ಸಾಮಾನ್ಯ ಅಂತ ಆಮೇಲೆ ತಿಳಿಯಿತು. ಕಿಡ್ನಿ ಡಾಕ್ಟರ ಹತ್ತಿರ ಬಾಯಿಬಿಟ್ಟು ಕೇಳಬಹುದು, ಮೆಡಿಕಲ್ ಶಾಪಿನಿಂದ ತಾವೇ ಮಾತ್ರೆ ತರುವುದು ಮಾತ್ರ ಬೇಡ. ಫಿಸ್ಟುಲಾ, ಅಂದರೆ ಡಯಾಲಿಸಿಸ್ ಸೂಜಿ ಚುಚ್ಚೋಕೆ ಅಂತ ಆಪರೇಷನ್ ಮಾಡಿ ಜೋಡಿಸಿದ ರಕ್ತನಾಳ, ಇರುವ ಕೈ ಅಂತ ನಾನು ಅವರ ಎಡಗೈ ಮುಟ್ಟುವುದನ್ನೇ ಬಿಟ್ಟಿದ್ದೆ. ಆ ಕೈ ಮೇಲೆ ಭಾರ ಹಾಕಬಾರದು, ಬಿಪಿ ಪಟ್ಟಿ ಕಟ್ಟಬಾರದು ಅಷ್ಟೇ, ಮುಟ್ಟಬಹುದು. ಅದರ ಮೇಲೆ ಬೆರಳಿಟ್ಟರೆ ಒಳಗೆ ಜುಮ್ ಅಂತ ರಕ್ತ ಹರಿಯೋದು ಗೊತ್ತಾಗಬೇಕು, ಗೊತ್ತಾಗದಿದ್ದರೆ ತಕ್ಷಣ ಆಸ್ಪತ್ರೆಗೆ ಹೇಳಬೇಕು. ಈಗ ದಿನಾ ರಾತ್ರಿ ಮಲಗುವಾಗ ಅದನ್ನು ನೋಡೋದು ನನ್ನ ಕೆಲಸ. ನೋಡಿ ಆದ ಮೇಲೂ ಸ್ವಲ್ಪ ಹೊತ್ತು ಕೈ ಅಲ್ಲೇ ಇಟ್ಟುಕೊಂಡಿರುತ್ತೇನೆ.