ಖಾಲಿ ಮಾಡಿದ ತೈಲ ಟ್ಯಾಂಕಿಗೂ ಬೆಂಕಿ ಹೇಗೆ ತಗಲುತ್ತದೆ?

ಪ್ರಶ್ನೆ: ಪಣಂಬೂರಿನಲ್ಲಿ ಕಾಣುವಂಥ ತೈಲ ಹಡಗುಗಳನ್ನು ಕೊನೆಗೆ ಒಡೆಯುವಾಗ, ಎಣ್ಣೆ ಪೂರ್ತಿ ತೆಗೆದ ಮೇಲೂ ಸ್ಫೋಟವಾಗುವುದೇಕೆ?

ಉತ್ತರ: ಪಂಪು ದ್ರವವನ್ನಷ್ಟೇ ಎಳೆಯುತ್ತದೆ, ತಳದ ಕೆಸರು ಹಾಗೂ ತುಕ್ಕಿನ ಪದರಗಳ ಹಿಂದೆ ಸಿಕ್ಕಿಬಿದ್ದ ಎಣ್ಣೆ ಅಲ್ಲಿಯೇ ಉಳಿಯುತ್ತದೆ. ಗ್ಯಾಸ್ ಕಟರ್‌ನ ಶಾಖಕ್ಕೆ ಅದು ಆವಿಯಾಗಿ, ಗಾಳಿಗಿಂತ ಭಾರವಾದ್ದರಿಂದ ತಳದಲ್ಲಿ ಶೇಖರವಾಗುತ್ತದೆ. ಆದ್ದರಿಂದ ಬಾಯಿಯ ಬಳಿ ಮಾತ್ರ ಅನಿಲ ಅಳೆದು ‘ಸುರಕ್ಷಿತ’ ಎಂದು ಬರೆದುಕೊಟ್ಟ ಪ್ರಮಾಣಪತ್ರ ನನ್ನ ದೃಷ್ಟಿಯಲ್ಲಿ ಬರೀ ಕಾಗದ. ಕೆಸರನ್ನು ಕೆರೆದು ತೆಗೆದು, ಫ್ಯಾನ್‌ನಿಂದ ಗಾಳಿ ಹಾಯಿಸಿ, ಮೇಲೆ, ನಡುವೆ, ತಳದಲ್ಲಿ ಆಮ್ಲಜನಕ ಸುಮಾರು ಶೇ. 21 ಇದೆಯೆಂದೂ, ದಹ್ಯ ಆವಿಯು ಸ್ಫೋಟಕ್ಕೆ ಬೇಕಾದ ಕನಿಷ್ಠ ಪ್ರಮಾಣದ ಶೇ. 1ಕ್ಕಿಂತ ಕಡಿಮೆಯೆಂದೂ ಖಚಿತಪಡಿಸಿಕೊಳ್ಳಬೇಕು; ಕೆಲಸ ನಿಂತು ಮತ್ತೆ ಶುರುವಾದಾಗಲೆಲ್ಲ ಪುನಃ ಅಳೆಯಬೇಕು. 2016ರ ನವೆಂಬರ್ 1ರಂದು ಪಾಕಿಸ್ತಾನದ ಗಡಾನಿಯ ಹಡಗು ಒಡೆಯುವ ಅಂಗಳದಲ್ಲಿ ತೈಲ ಹಡಗೊಂದು ಸ್ಫೋಟಿಸಿ 20ಕ್ಕೂ ಹೆಚ್ಚು ಕಾರ್ಮಿಕರು ಸತ್ತರು. (ಮಲ್ಪೆಯಲ್ಲಿ ಬೋಟಿನ ಡೀಸೆಲ್ ಟ್ಯಾಂಕಿಗೆ ವೆಲ್ಡಿಂಗ್ ಮಾಡುವವರಿಗೂ ಇದೇ ನಿಯಮ.)

ಕಲ್ನಾರಿನ, ಅಂದರೆ ಆಸ್ಬೆಸ್ಟಾಸ್‌ನ, ಅಪಾಯ ಬೇರೆ ಬಗೆಯದು: ಎಂಜಿನ್ ಕೋಣೆಯ ಹಬೆ ಕೊಳವೆಗಳಿಗೆ ಸುತ್ತಿದ ಅದರ ಹೊದಿಕೆಯನ್ನು ಒಣದಾಗಿ ಕಿತ್ತರೆ ಏಳುವ ನಾರು ಶ್ವಾಸಕೋಶ ಸೇರಿ ದಶಕಗಳ ನಂತರ ರೋಗ ತರುತ್ತದೆ. ಹೀಗಾಗಿ ಕತ್ತರಿಸುವ ಮೊದಲೇ ಅದನ್ನು ಒದ್ದೆಮಾಡಿ, ಮುಚ್ಚಿದ ಆವರಣದಲ್ಲಿ ಬಿಚ್ಚಿ, ಎರಡು ಚೀಲಗಳಲ್ಲಿ ಕಟ್ಟಬೇಕು. ಇಷ್ಟೆಲ್ಲ ಮುಗಿದ ಮೇಲೆ ಕತ್ತರಿಸಿದ ಉಕ್ಕಿನ ಹಲಗೆಗಳು, ಗುಜರಾತಿನ ಹಡಗು ಒಡೆಯುವ ತಾಣವಾದ ಅಲಂಗ್‌ನಲ್ಲಾದರೆ, ಹೆಚ್ಚಾಗಿ ರೋಲಿಂಗ್ ಮಿಲ್‌ಗೆ ಹೋಗಿ ಕರಗದೆಯೇ ಕಾದು ಸರಳುಗಳಾಗುತ್ತವೆ.